ತಮಿಳು ಅರ್ಜಿಯ ಫೋಟೊ ನೋಡಿ ಹೆಸರು, ವಿಳಾಸಗಳನ್ನು ಕನ್ನಡಕ್ಕೆ ಇಳಿಸುವ ಕ್ರಮ

ಒಂದೇ ಮನೆಯ ಮೂರು ಅರ್ಜಿಗಳು ಬಂದಿರುತ್ತವೆ. ತಂದೆಯ ಹೆಸರು ಒಂದರಲ್ಲಿ ಗೋಪಾಲ್, ಇನ್ನೊಂದರಲ್ಲಿ ಕೋಪಾಲ್, ಮೂರನೆಯದರಲ್ಲಿ ಕೋಬಾಲ್ ಎಂದು ಟೈಪ್ ಆಗಿರುತ್ತದೆ. ಮೂರೂ ಫೋಟೊಗಳಲ್ಲಿ ಇದ್ದದ್ದು ಮಾತ್ರ ಒಂದೇ: கோபால். ಟೈಪ್ ಮಾಡಿದವರು ಯಾರೂ ಅಕ್ಷರ ತಪ್ಪಾಗಿ ಓದಿಲ್ಲ. ಒಬ್ಬರು ಗುರುತಿನ ಚೀಟಿಯ ಇಂಗ್ಲಿಷ್ ಸಾಲು ನೋಡಿದ್ದಾರೆ, ಒಬ್ಬರು ಅಕ್ಷರಕ್ಕೆ ಅಕ್ಷರ ಇಟ್ಟಿದ್ದಾರೆ, ಮತ್ತೊಬ್ಬರು ತಮಿಳಿನ ಉಚ್ಚಾರಣೆಯ ನಿಯಮ ಹಾಕಿದ್ದಾರೆ. ಆನೇಕಲ್, ಬೆಂಗಳೂರು, ಕೆಜಿಎಫ್, ಚಾಮರಾಜನಗರದ ಕಡೆ ಇಂಥ ಅರ್ಜಿಗಳನ್ನು ಕನ್ನಡಕ್ಕೆ ಇಳಿಸುವವರು ಮತ್ತೆ ಮತ್ತೆ ಎಡವುವುದು ಇಲ್ಲೇ.

ಕಾರಣ ಸರಳ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ க ಒಂದೇ ಅಕ್ಷರ. ತ-ದ, ಪ-ಬ, ಟ-ಡ ಗುಂಪುಗಳ ಕಥೆಯೂ ಅದೇ. ಆದರೆ ಹ್ರಸ್ವ-ದೀರ್ಘ, ನ-ಣ, ಲ-ಳ, ಸಜಾತೀಯ ಒತ್ತಕ್ಷರ ಇವನ್ನು ತಮಿಳು ಖಚಿತವಾಗಿ ತೋರಿಸುತ್ತದೆ. ಇಂಗ್ಲಿಷ್ ಸಾಲು ಇದಕ್ಕೆ ಉಲ್ಟಾ: ಕ ಯಾವುದು ಗ ಯಾವುದು ಎಂದು ಹೇಳುತ್ತದೆ, ಹ್ರಸ್ವ-ದೀರ್ಘ, ಲ-ಳ ಹೇಳುವುದಿಲ್ಲ. ಕನ್ನಡಕ್ಕೆ ಎರಡೂ ಬೇಕು. ಹಾಗಾಗಿ ಒಂದೇ ಸಾಲು ನೋಡಿ ಬರೆದ ಹೆಸರು ಸರಿಬಂದರೆ ಅದು ಅದೃಷ್ಟವಷ್ಟೆ. ಕೆಳಗಿನ ಕ್ರಮ ಎರಡನ್ನೂ ಕೂಡಿಸುವ ಕ್ರಮ.

## ಮೊದಲು ಬೇಕಾದವು

ಸ್ಪ್ರೆಡ್‌ಶೀಟ್ ಒಂದು, ಅದರಲ್ಲಿ ಐದು ಕಾಲಂ: ಫೋಟೊ ಸಂಖ್ಯೆ, ತಮಿಳು ಸಾಲು, ಇಂಗ್ಲಿಷ್ ಸಾಲು, ಕನ್ನಡ, ಅನುಮಾನ. ತಮಿಳು ಟೈಪ್ ಮಾಡಲು ಬರುವ ಕೀಬೋರ್ಡ್. ಅರ್ಜಿದಾರರ ಹೆಸರು ಇಂಗ್ಲಿಷಿನಲ್ಲೂ ಇರುವ ಯಾವುದಾದರೂ ದಾಖಲೆಯ ಫೋಟೊ. ತಮಿಳುನಾಡಿನ ಆಧಾರ್ ಮತ್ತು ಮತದಾರರ ಚೀಟಿಯಲ್ಲಿ ತಮಿಳು, ಇಂಗ್ಲಿಷ್ ಎರಡೂ ಇರುತ್ತವೆ. ಇದರ ಜೊತೆಗೆ ಇನ್ನೊಂದು ಹಾಳೆಯಲ್ಲಿ ಪದಪಟ್ಟಿ: ಒಮ್ಮೆ ತೀರ್ಮಾನಿಸಿದ ಹೆಸರು, ಊರು, ಬೀದಿ ಎಲ್ಲ ಅಲ್ಲಿ ಸೇರಬೇಕು. ಪದಪಟ್ಟಿ ಇಲ್ಲದೆ ಹತ್ತು ಅರ್ಜಿ ದಾಟಿದರೆ ಮೊದಲನೆಯದರಲ್ಲಿ ಏನು ಬರೆದಿದ್ದಿರಿ ಎಂಬುದು ನಿಮಗೇ ನೆನಪಿರುವುದಿಲ್ಲ.

## ಹಂತ 1: ಫೋಟೊ ಓದಲು ಯೋಗ್ಯವೇ ನೋಡಿ

ತಮಿಳಿನಲ್ಲಿ ಅರ್ಧಾಕ್ಷರವನ್ನು ತೋರಿಸುವುದು ತಲೆಯ ಮೇಲಿನ ಒಂದು ಚುಕ್ಕಿ. ಅದರ ಹೆಸರು ಪುಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದಾಗ ಚಿತ್ರ ಕುಗ್ಗಿ, ಮೊದಲು ಮಾಯವಾಗುವುದೇ ಈ ಚುಕ್ಕಿ. சக்தி ಎಂದರೆ ಶಕ್ತಿ. ಚುಕ್ಕಿ ಹೋದರೆ சகதி, ಅಂದರೆ ಕೆಸರು. ಎರಡೂ ನಿಜವಾದ ತಮಿಳು ಪದಗಳೇ ಆದ್ದರಿಂದ ನಿಮಗೆ ಅನುಮಾನವೇ ಬರುವುದಿಲ್ಲ.

ಆದ್ದರಿಂದ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಹಾಗೆ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ. ಬಂದ ಮೇಲೆ ಒಂದು ಸಾಲನ್ನು ದೊಡ್ಡದು ಮಾಡಿ ನೋಡಿ. ಪುಳ್ಳಿಗಳು ಬಿಡಿಬಿಡಿಯಾಗಿ ಕಾಣದಿದ್ದರೆ ಇನ್ನೊಂದು ಫೋಟೊ ಕೇಳಿ. ಮಸುಕಾದದ್ದರ ಮೇಲೆ ಅರ್ಧ ಗಂಟೆ ಕಣ್ಣು ಕಿವುಚುವುದಕ್ಕಿಂತ ಅದು ಲೇಸು.

## ಹಂತ 2: ತಮಿಳನ್ನು ತಮಿಳಾಗಿಯೇ ಟೈಪ್ ಮಾಡಿ

ಫೋಟೊದಿಂದ ನೇರವಾಗಿ ಕನ್ನಡಕ್ಕೆ ಹೋಗಬೇಡಿ. ಓದುವುದು ಒಂದು ಕೆಲಸ, ಲಿಪಿ ಬದಲಿಸುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಿದರೆ ತಪ್ಪು ಎಲ್ಲಿ ಆಯಿತೆಂದು ಆಮೇಲೆ ಹಿಡಿಯಲಾಗುವುದಿಲ್ಲ. ಮೊದಲು ಎರಡನೇ ಕಾಲಂನಲ್ಲಿ ಕಂಡದ್ದನ್ನು ಕಂಡಂತೆ ತಮಿಳಿನಲ್ಲಿ ಹೊಡೆಯಿರಿ. ಬರೆದವರ ಕಾಗುಣಿತ ತಪ್ಪೆನಿಸಿದರೂ ತಿದ್ದಬೇಡಿ. ಅನುಮಾನದ ಕಾಲಂನಲ್ಲಿ ಬರೆದಿಡಿ.

ಕೈಬರಹದಲ್ಲಿ ಕಣ್ಣು ತಪ್ಪಿಸುವ ಜಾಗಗಳು ಕೆಲವೇ, ಆದರೆ ಅವೇ ದಿನವೂ ಬರುತ್ತವೆ. ர ಎಂಬ ಅಕ್ಷರಕ್ಕೆ ಕೆಳಗೆ ಓರೆಯಾದ ಬಾಲ ಇರಬೇಕು. ಬರೆಯುವ ಅವಸರದಲ್ಲಿ ಬಾಲ ಬಿಟ್ಟರೆ ಅದು ದೀರ್ಘದ ಗುರುತು ா ಆಗಿಬಿಡುತ್ತದೆ. ಎ-ಕಾರಕ್ಕೂ ಏ-ಕಾರಕ್ಕೂ (ெ, ே) ಇರುವ ವ್ಯತ್ಯಾಸ ಮೇಲ್ಗಡೆಯ ಸುರುಳಿ ಮಾತ್ರ. ಔ-ಕಾರದ ಬಲಭಾಗ ள ಅಕ್ಷರದಂತೆಯೇ ಇರುವುದರಿಂದ கௌரி ಎಂಬ ಗೌರಿಯನ್ನು ಹೊಸಬರು ‘ಕೆಳರಿ’ ಎಂದು ಓದುತ್ತಾರೆ. ಅರ್ಥವಿಲ್ಲದ ಹೆಸರು ಬಂತೆಂದರೆ ಮೊದಲು ಈ ಮೂರು ಜಾಗ ನೋಡಿ.

ವಯಸ್ಸಾದವರ ಕೈಬರಹದಲ್ಲಿ ಇನ್ನೊಂದು ತೊಡಕು. 1978ರಲ್ಲಿ ತಮಿಳುನಾಡು ಸರ್ಕಾರ ಲಿಪಿ ಸುಧಾರಣೆ ತಂದು ணா, றா, னா ಮತ್ತು ணை, லை, ளை, னை ಇವುಗಳ ಹಳೆಯ ಕೂಡುರೂಪಗಳನ್ನು ಬಿಡಿಸಿತು. ಅದಕ್ಕೆ ಮುಂಚೆ ಬರೆಯಲು ಕಲಿತವರು ಈಗಲೂ ಅಕ್ಷರಕ್ಕೇ ಅಂಟಿದ, ಆನೆಯ ಸೊಂಡಿಲಿನಂತೆ ಮೇಲೆ ಬಾಗಿದ ಐ-ಕಾರ ಹಾಕುತ್ತಾರೆ. ಗುರುತಿಸಲಾಗದ ಕೊಕ್ಕೆ ಕಂಡರೆ ಅದನ್ನು ಗೀಚು ಎಂದು ಬಿಡಬೇಡಿ, ಅದು ಐ-ಕಾರ ಇದ್ದೀತು.

## ಹಂತ 3: ಇಂಗ್ಲಿಷ್ ಸಾಲನ್ನು ಪಕ್ಕದಲ್ಲಿಡಿ, ಆದರೆ ಅದರಿಂದ ಅರ್ಧವನ್ನಷ್ಟೇ ತೆಗೆದುಕೊಳ್ಳಿ

ಹೆಚ್ಚು ಹೊತ್ತು ನಿಲ್ಲಬೇಕಾದ ಹಂತ ಇದು.

ಇಂಗ್ಲಿಷಿನಿಂದ ತೆಗೆದುಕೊಳ್ಳಬೇಕಾದದ್ದು ಎರಡು ವಿಷಯ. ಮೊದಲನೆಯದು ಕ-ಗ, ತ-ದ, ಪ-ಬ, ಚ-ಸ ಆಯ್ಕೆ. தனபால் ಪಕ್ಕ Dhanapal ಎಂದಿದ್ದರೆ ಧನಪಾಲ್, Dhanabal ಎಂದಿದ್ದರೆ ಧನಬಾಲ್. ಎರಡನೆಯದು ಒತ್ತಕ್ಷರದ ನಡುವೆ ತಮಿಳು ತೂರಿಸುವ ಸ್ವರ. பிரகாஷ் ಎಂಬಲ್ಲಿ ಪಿ-ರ ಎಂದು ಬಿಡಿಸಿ ಬರೆದಿದ್ದರೂ Prakash ಎಂದಿರುವುದರಿಂದ ಪ್ರಕಾಶ್.

ಇಂಗ್ಲಿಷನ್ನು ನಂಬಬಾರದ ಜಾಗಗಳು:

- th ಎಂದರೆ ಥ ಅಲ್ಲ. ತಮಿಳರು ಟ-ಕಾರಕ್ಕೆ t ಬರೆಯುತ್ತಾರೆ, ಅದರಿಂದ ಬೇರೆಮಾಡಲು ತ-ಕಾರಕ್ಕೆ th ಬರೆಯುತ್ತಾರೆ. Karthik ಎಂದರೆ கார்த்திக், ಅಂದರೆ ಕಾರ್ತಿಕ್. ‘ಕಾರ್ಥಿಕ್’ ಕನ್ನಡದಲ್ಲಿ ಕಂಡರೆ ಅದನ್ನು ತಮಿಳು ನೋಡದೆ ಇಳಿಸಿದ್ದಾರೆಂದು ತಿಳಿಯಿರಿ.
- dh ಎಲ್ಲ ಕಡೆ ಧ ಅಲ್ಲ. Dhandapani ಎಂದು ಬರೆದವರ ಹೆಸರು ದಂಡಪಾಣಿ. ಧನ, ಧರ್ಮದಂತೆ ಸಂಸ್ಕೃತ ಮೂಲದಲ್ಲೇ ಧ ಇದ್ದರೆ ಮಾತ್ರ ಧ.
- zh ಎಂದರೆ ಝ ಅಲ್ಲ, ಅದು ழ. ಹಳಗನ್ನಡದಲ್ಲಿ ಇದಕ್ಕೆ ೞ ಇತ್ತು. ಇಂದಿನ ಅರ್ಜಿಯಲ್ಲಿ ಅದನ್ನು ಹಾಕಿದರೆ ಓದುವವರಿಗೂ ಗೊತ್ತಾಗದು, ಹುಡುಕಿದರೂ ಸಿಗದು. ಕನ್ನಡ ಪತ್ರಿಕೆಗಳು ಕಳಗಂ ಎಂದು ಬರೆಯುವಂತೆ ಎಲ್ಲ ಕಡೆ ಳ ಇಡಿ.
- ಒಂಟಿ l ಲ ಆಗಬಹುದು, ಳ ಆಗಬಹುದು. Palani ನೋಡಿ ‘ಪಲನಿ’ ಎಂದು ಹೊಡೆದವರು ಬಹಳ. ತಮಿಳು ಸಾಲಿನಲ್ಲಿ பழனி ಇದೆ, ಆದ್ದರಿಂದ ಪಳನಿ.
- s ಎಂಬುದು ಸ ಮತ್ತು ಶ ನಡುವೆ ಏನೂ ತೀರ್ಮಾನಿಸುವುದಿಲ್ಲ. Sankar, Sakthi, Santhi ಎಲ್ಲ ಶ.

ಹ್ರಸ್ವ-ದೀರ್ಘಕ್ಕೆ ತಮಿಳು ಸಾಲೇ ಪ್ರಮಾಣ. ಅಲ್ಲಿ ದೀರ್ಘ ಇದ್ದರೆ ಕನ್ನಡದಲ್ಲೂ ದೀರ್ಘ.

## ಹಂತ 4: ಇಂಗ್ಲಿಷ್ ಸಾಲು ಇಲ್ಲದಾಗ

ಆಗ ತಮಿಳು ಮಾತಿನ ಸಹಜ ನಿಯಮ ಹಾಕಿ. ಪದದ ಮೊದಲಲ್ಲಿ ಮತ್ತು ಒತ್ತಿದ್ದಲ್ಲಿ ಕ, ತ, ಪ. ಎರಡು ಸ್ವರಗಳ ನಡುವೆ ಮತ್ತು ಅನುನಾಸಿಕದ ನಂತರ ಗ, ದ, ಬ. முருகன் ಮುರುಗನ್, தங்கம் ತಂಗಂ, முத்து ಮುತ್ತು. ಅಚ್ಚ ತಮಿಳು ಹೆಸರುಗಳಿಗೆ ಈ ನಿಯಮ ಚೆನ್ನಾಗಿ ನಡೆಯುತ್ತದೆ.

ಸಂಸ್ಕೃತದಿಂದ ಬಂದ ಹೆಸರುಗಳಿಗೆ ಇದೇ ನಿಯಮ ಹಾಕಿದರೆ ಅನಾಹುತ. ಸರಸ್ವತಿ ‘ಸರಸ್ವದಿ’ ಆಗುತ್ತಾಳೆ, ಶಂಕರ ‘ಸಂಗರ್’ ಆಗುತ್ತಾನೆ. ಇಲ್ಲಿ ಪಾಲಿಸಬೇಕಾದ ಸೂತ್ರ: ಬುಡ ಕನ್ನಡದ ಕಾಗುಣಿತದಲ್ಲಿ, ತುದಿ ತಮಿಳಿನಂತೆ. கணேசன் ಗಣೇಶನ್, கிருஷ்ணன் ಕೃಷ್ಣನ್, சந்திரன் ಚಂದ್ರನ್. ಕೊನೆಯ ‘ನ್’ ತೆಗೆದು ಗಣೇಶ, ಕೃಷ್ಣ ಎಂದು ಕನ್ನಡ ಮಾಡುವ ಹಕ್ಕು ನಮಗಿಲ್ಲ. ಅದು ಆ ವ್ಯಕ್ತಿಯ ಹೆಸರಿನ ಭಾಗ.

ಬುಡ ತಿದ್ದುವುದಕ್ಕೂ ಒಂದು ಗಡಿ ಇದೆ. ತಮಿಳು ಸಾಲಿನಲ್ಲಿ ಬದಲಾದ ಅಕ್ಷರವನ್ನು ಮರಳಿ ತರಬಹುದು: லட்சுமி ಎಂಬಲ್ಲಿ ಕ್ಷ ಬರೆದು ಲಕ್ಷ್ಮಿ ಮಾಡಬಹುದು. ಆದರೆ ಎರಡೂ ಸಾಲುಗಳಲ್ಲಿ ಇಲ್ಲದ ಧ್ವನಿಯನ್ನು ಸೇರಿಸಬಾರದು. Subramanian ಎಂದಿದ್ದರೆ ಸುಬ್ರಮಣಿಯನ್, ‘ಸುಬ್ರಹ್ಮಣ್ಯನ್’ ಅಲ್ಲ. சாமி ಎಂದಿದ್ದರೆ ಸಾಮಿ, ‘ಸ್ವಾಮಿ’ ಅಲ್ಲ. ಶುದ್ಧ ಮಾಡುವ ಚಟ ಇರುವವರು ತುಸು ಕೈ ಬಿಗಿಹಿಡಿಯಬೇಕು.

ಈ ಎಲ್ಲ ನಿಯಮಕ್ಕೂ ಮೇಲಿನದು ಒಂದಿದೆ. ಆ ವ್ಯಕ್ತಿಯ ಹೆಸರು ಕನ್ನಡದಲ್ಲಿ ಈಗಾಗಲೇ ಯಾವುದಾದರೂ ದಾಖಲೆಯಲ್ಲಿ ಇದ್ದರೆ, ಅದು ನಿಯಮಕ್ಕೆ ಹೊಂದದಿದ್ದರೂ ಅದನ್ನೇ ಬಳಸಿ. செந்தில் ಎಂಬುದು ನಿಯಮದ ಪ್ರಕಾರ ಸೆಂದಿಲ್. ಆದರೆ ಅವರ ರೇಷನ್ ಕಾರ್ಡಿನಲ್ಲಿ ಸೆಂಥಿಲ್ ಎಂದಿದ್ದರೆ ಸೆಂಥಿಲ್ ಎಂದೇ ಬರೆಯಿರಿ. ದಾಖಲೆಗೆ ದಾಖಲೆ ಹೊಂದುವುದು ಅವರಿಗೆ ಮುಖ್ಯ.

## ಹಂತ 5: ಇನಿಶಿಯಲ್

ತಮಿಳು ಇನಿಶಿಯಲ್ ಎರಡು ಬಗೆ. ಕೆಲವರು ತಂದೆಯ ಹೆಸರಿನ ಮೊದಲ ಅಕ್ಷರವನ್ನು ತಮಿಳಿನಲ್ಲೇ ಬರೆಯುತ್ತಾರೆ: கோ. செல்வம். ಇನ್ನು ಕೆಲವರು ಇಂಗ್ಲಿಷ್ ಅಕ್ಷರದ ಹೆಸರನ್ನು ತಮಿಳಿನಲ್ಲಿ ಬರೆಯುತ್ತಾರೆ: ஜி. செல்வம். ಇಬ್ಬರೂ ಒಬ್ಬರೇ ಆಗಿರಬಹುದು. ಕನ್ನಡದ ರೂಢಿ ಜಿ., ಎಸ್. ಎಂದು ಇಂಗ್ಲಿಷ್ ಅಕ್ಷರ ಬರೆಯುವುದು; ಆದ್ದರಿಂದ ಎಲ್ಲವನ್ನೂ ಆ ರೂಪಕ್ಕೆ ತನ್ನಿ. ಆದರೆ கோ. ಎಂಬುದು ಕೆ ಆಗಬೇಕೋ ಜಿ ಆಗಬೇಕೋ ಎಂಬುದು ಆ ಅಕ್ಷರದಿಂದ ಗೊತ್ತಾಗುವುದಿಲ್ಲ. ತಂದೆಯ ಹೆಸರಿನ ಸಾಲನ್ನು ಮೊದಲು ಇಳಿಸಿ, ಆಮೇಲೆ ಇನಿಶಿಯಲ್‌ಗೆ ಬನ್ನಿ. ಗೋವಿಂದನ್ ಆದರೆ ಜಿ. ಈ ಅನುಕ್ರಮ ತಪ್ಪಿಸಿದವರಿಗೇ ‘ಕೆ. ಸೆಲ್ವಂ’ ಹುಟ್ಟುವುದು.

ಅರ್ಜಿಯಲ್ಲಿ த/பெ ಎಂದಿದ್ದರೆ ತಂದೆಯ ಹೆಸರು, க/பெ ಎಂದಿದ್ದರೆ ಗಂಡನ ಹೆಸರು. ಒಂದು ಅಕ್ಷರದ ವ್ಯತ್ಯಾಸ. ತಪ್ಪಿದರೆ ಗಂಡ ತಂದೆಯಾಗುತ್ತಾನೆ.

## ಹಂತ 6: ವಿಳಾಸ

ವಿಳಾಸವನ್ನು ಮೂರು ಭಾಗ ಮಾಡಿಕೊಳ್ಳಿ: ಅಂಕಿ, ಬೀದಿಯ ಹೆಸರು, ಆಡಳಿತದ ಪದಗಳು. ಮೂರಕ್ಕೂ ನಿಯಮ ಬೇರೆ.

ಅಂಕಿಯನ್ನು ಮುಟ್ಟಬೇಡಿ. ತಮಿಳುನಾಡಿನಲ್ಲಿ ಒಂದೇ ಮನೆಗೆ ಹಳೆಯ ಮತ್ತು ಹೊಸ ಸಂಖ್ಯೆ ಎರಡೂ ಇರುವುದು ಸಾಮಾನ್ಯ. ப.எண் ಎಂದರೆ ಹಳೆ ನಂ., பு.எண் ಎಂದರೆ ಹೊಸ ನಂ. ಇವೆರಡರ ನಡುವೆ ಇರುವುದು ಬಲಗಡೆ ಕೆಳಗಿಳಿಯುವ ಒಂದು ಗೆರೆ ಮಾತ್ರ, ಅದನ್ನು ದೊಡ್ಡದು ಮಾಡಿಯೇ ಓದಿ.

ಬೀದಿಯ ಹೆಸರನ್ನು ಲಿಪ್ಯಂತರ ಮಾಡಿ, ಅನುವಾದ ಬೇಡ. ಕೊನೆಯ ಸಾಮಾನ್ಯ ಪದವನ್ನು ಮಾತ್ರ ಕನ್ನಡ ಮಾಡಿ: தெரு ಬೀದಿ, சாலை ರಸ್ತೆ, குறுக்குத் தெரு ಅಡ್ಡಬೀದಿ. ಆಡಳಿತದ ಪದಗಳನ್ನು ಪೂರ್ತಿ ಅನುವಾದಿಸಿ: அஞ்சல் ಅಂಚೆ, மாவட்டம் ಜಿಲ್ಲೆ, கிராமம் ಗ್ರಾಮ. ಇಲ್ಲಿ ಮೋಸ ಮಾಡುವ ಪದ வட்டம். ಕನ್ನಡದ ಕಿವಿಗೆ ಅದು ವೃತ್ತ, ಸರ್ಕಲ್ ಎಂದು ಕೇಳಿಸುತ್ತದೆ. ವಿಳಾಸದಲ್ಲಿ ಅದರ ಅರ್ಥ ತಾಲ್ಲೂಕು. ‘ಹೊಸೂರು ವೃತ್ತ’ ಎಂದು ಇಳಿಸಿದ ವಿಳಾಸದಲ್ಲಿ ತಾಲ್ಲೂಕಿನ ಜಾಗ ಖಾಲಿಯಾಗಿ, ಇಲ್ಲದ ಸರ್ಕಲ್ ಒಂದು ಹುಟ್ಟಿಕೊಳ್ಳುತ್ತದೆ.

ಊರಿನ ಹೆಸರಿಗೆ ಕನ್ನಡದಲ್ಲಿ ನೆಲೆನಿಂತ ರೂಪ ಇದ್ದರೆ ಅದೇ ಇರಲಿ. ஓசூர் ಅಕ್ಷರಕ್ಕೆ ಅಕ್ಷರ ಇಟ್ಟರೆ ‘ಓಸೂರ್’. ಕನ್ನಡಿಗರಿಗೆ ಅದು ಹೊಸೂರು. தர்மபுரி ಧರ್ಮಪುರಿ, கோயம்புத்தூர் ಕೊಯಮತ್ತೂರು, சேலம் ಸೇಲಂ. ಕನ್ನಡ ರೂಪ ಗೊತ್ತಿಲ್ಲದ ಸಣ್ಣ ಹಳ್ಳಿಗೆ ಹಂತ 3, 4ರ ನಿಯಮ ಹಾಕಿ, ಅದನ್ನು ಕೂಡಲೇ ಪದಪಟ್ಟಿಗೆ ಸೇರಿಸಿ. ಹೆಸರು ಸರಿಯಾಗಿ ಓದಿದ್ದೀರಾ ಎಂದು ನೋಡಲು ಪಿನ್‌ಕೋಡ್ ಬಳಸಿ: ಅಂಚೆ ಇಲಾಖೆಯ ಜಾಲತಾಣದಲ್ಲಿ ಪಿನ್ ಹಾಕಿದರೆ ಆ ವ್ಯಾಪ್ತಿಯ ಅಂಚೆ ಕಚೇರಿಗಳ ಹೆಸರು ಇಂಗ್ಲಿಷಿನಲ್ಲಿ ಬರುತ್ತದೆ, ಕ-ಗ ಅನುಮಾನವೂ ಅಲ್ಲೇ ತೀರುತ್ತದೆ.

## ಒಂದು ಅರ್ಜಿ, ಸಾಲು ಸಾಲಾಗಿ

ಇದು ಮಾದರಿಗೆಂದು ಕಟ್ಟಿದ ಅರ್ಜಿ. ಫೋಟೊದಲ್ಲಿ ಕಾಣುವುದು:

```
கோ. தனபால்
த/பெ கோவிந்தசாமி
பு.எண் 14, ப.எண் 4/127
பஜனை கோவில் தெரு
ஓசூர் வட்டம்
கிருஷ்ணகிரி மாவட்டம் 635109
```

ಜೊತೆಗಿನ ಗುರುತಿನ ಚೀಟಿಯಲ್ಲಿ Dhanapal G, ತಂದೆ Govindasamy ಎಂದಿದೆ.

ಮೊದಲು ಎರಡನೇ ಸಾಲು. Govindasamy ಇಂದ ಗ ಮತ್ತು ದ ಸಿಕ್ಕಿತು. ಗೋ ದೀರ್ಘ, ಸಾ ದೀರ್ಘ ಎಂಬುದು ತಮಿಳಿನಿಂದ. ಸ್ವಾಮಿ ಮಾಡುವುದಿಲ್ಲ: ಗೋವಿಂದಸಾಮಿ. ಈಗ ಮೊದಲ ಸಾಲಿನ கோ. ಜಿ. ಎಂದು ನಿಂತಿತು, ಇಂಗ್ಲಿಷಿನ G ಕೂಡ ಅದನ್ನೇ ಹೇಳುತ್ತದೆ. தனபால் ಎಂಬುದನ್ನು ಬರೀ ನಿಯಮದಿಂದ ಓದಿದ್ದರೆ ‘ತನಬಾಲ್’. Dhanapal ಇಂದ ಪ ಖಚಿತ, ಧನ ಸಂಸ್ಕೃತ ಪದವಾದ್ದರಿಂದ ಧ: ಧನಪಾಲ್.

ಬೀದಿ: ಭಜನೈ ಕೋವಿಲ್ ಬೀದಿ. ‘ಭಜನೆ ದೇವಸ್ಥಾನ ಬೀದಿ’ ಎಂದು ಬರೆಯಲು ಕೈ ಹೋಗುತ್ತದೆ; ಅಲ್ಲಿ ಹೋಗಿ ಆ ಹೆಸರು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಒಟ್ಟು ವಿಳಾಸ ಹೀಗೆ:

ಜಿ. ಧನಪಾಲ್, ತಂದೆ ಗೋವಿಂದಸಾಮಿ, ಹೊಸ ನಂ. 14, ಹಳೆ ನಂ. 4/127, ಭಜನೈ ಕೋವಿಲ್ ಬೀದಿ, ಹೊಸೂರು ತಾಲ್ಲೂಕು, ಕೃಷ್ಣಗಿರಿ ಜಿಲ್ಲೆ 635109.

ಪದಪಟ್ಟಿಗೆ ಸೇರುವವು: ಭಜನೈ, ಕೋವಿಲ್, ಹೊಸೂರು, ಸಾಮಿ. ಧನಪಾಲ್ ಸೇರುವುದಿಲ್ಲ. ಮುಂದಿನ தனபால் ಧನಬಾಲ್ ಆಗಿರಬಹುದು. ವ್ಯಕ್ತಿಯ ಹೆಸರಿನ ಕ-ಗ ತೀರ್ಮಾನ ಆ ವ್ಯಕ್ತಿಯ ದಾಖಲೆಯದ್ದೇ.

## ಹಂತ 7: ಕನ್ನಡದ ಕಡೆಯ ಅಸ್ಥಿರತೆ

ತಮಿಳು ಸರಿಯಾಗಿ ಓದಿದ ಮೇಲೂ ಕನ್ನಡದಲ್ಲಿ ಎರಡೆರಡು ರೀತಿ ಬರೆಯಲು ಸಾಧ್ಯ. ಕೆಲಸ ಶುರುವಾಗುವ ಮುಂಚೆ ಮೂರು ತೀರ್ಮಾನ ಮಾಡಿ.

ಪದದ ಕೊನೆಯ ம்: ಸೆಲ್ವಂ ಅಥವಾ ಸೆಲ್ವಮ್, ಒಂದನ್ನೇ ಹಿಡಿಯಿರಿ. ಸೊನ್ನೆ ಉತ್ತಮ, ಸೇಲಂಗೂ ಅದು ಹೊಂದುತ್ತದೆ.

ಜೋಡಿ ற்ற: ಕನ್ನಡ ಪತ್ರಿಕೆಗಳಲ್ಲೇ ಇದಕ್ಕೆ ಒಂದು ನಿಲುವಿಲ್ಲ, ಪಕ್ಷದ ಹೆಸರಿನಲ್ಲಿ ಮುನ್ನೇತ್ರ ಎಂದೂ ವ್ಯಕ್ತಿಯ ಹೆಸರಿನಲ್ಲಿ ವೆಟ್ರಿ ಎಂದೂ ಕಾಣುತ್ತದೆ. ಹೆಸರು, ವಿಳಾಸಗಳಿಗೆ ಟ್ರ ಇಡಿ, ಅದು ತಮಿಳಿನ ಉಚ್ಚಾರಣೆಗೆ ಹತ್ತಿರ. ಒಂಟಿ ற ಬರೀ ರ.

ಮೂರನೆಯದು ಕಣ್ಣಿಗೆ ಕಾಣದ್ದು. வேல்முருகன் ಎಂಬುದನ್ನು ಟೈಪ್ ಮಾಡಿದಾಗ ಲ್ ಮತ್ತು ಮು ಸೇರಿ ಒತ್ತಕ್ಷರವಾಗಿ ‘ವೇಲ್ಮುರುಗನ್’ ಆಗುತ್ತದೆ. ಅರ್ಧಾಕ್ಷರ ನಿಲ್ಲಿಸಲು ನಡುವೆ U+200C ಎಂಬ ಅಗೋಚರ ಚಿಹ್ನೆ ಹಾಕಿದರೆ ವೇಲ್‌ಮುರುಗನ್. ಎರಡು ರೂಪಗಳನ್ನೂ ಓದಬಹುದು, ಆದರೆ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು, ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು. ಎರಡು ಬಿಡಿ ಪದಗಳು ಕೂಡಿದ ಹೆಸರಿನಲ್ಲಿ ಮಾತ್ರ ಈ ಚಿಹ್ನೆ ಇರಲಿ, ಬೇರೆಲ್ಲೂ ಬೇಡ. ಯಾವ ಸಾಲಿನಲ್ಲಿ ಎಷ್ಟು ಇದೆ ಎಂದು ಈ ಸೂತ್ರ ಹೇಳುತ್ತದೆ. ಕನ್ನಡ D ಕಾಲಂನಲ್ಲಿದೆ ಎಂದಿಟ್ಟುಕೊಳ್ಳಿ:

```
=LEN(D2)-LEN(SUBSTITUTE(D2,UNICHAR(8204),""))
```

## ಹಂತ 8: ಪರೀಕ್ಷೆ

ಗೂಗಲ್ ಶೀಟ್ಸ್‌ನಲ್ಲಿ ಖಾಲಿ ಕಾಲಂ ಒಂದರಲ್ಲಿ ಇದನ್ನು ಹಾಕಿ:

```
=SORT(UNIQUE(D2:D500))
```

ಒಂದೇ ಹೆಸರಿನ ಎರಡು ರೂಪಗಳು ಬಹುಮಟ್ಟಿಗೆ ಅಕ್ಕಪಕ್ಕ ಬಂದು ನಿಲ್ಲುತ್ತವೆ: ಭಜನೆ, ಭಜನೈ, ಸೆಲ್ವಂ, ಸೆಲ್ವಮ್. ಕಣ್ಣಿಗೆ ಒಂದೇ ಎನಿಸುವ ಹೆಸರು ಎರಡು ಸಲ ಕಂಡರೆ ಅಗೋಚರ ಚಿಹ್ನೆ ಅಥವಾ ಕೊನೆಯಲ್ಲಿ ಖಾಲಿ ಜಾಗ ಸೇರಿದೆ. ಆದರೆ ಕೋಪಾಲ್-ಗೋಪಾಲ್ ಹೀಗೆ ಮೊದಲ ಅಕ್ಷರವೇ ಬೇರೆ ಇದ್ದರೆ ಅವು ದೂರ ದೂರ ಹೋಗುತ್ತವೆ. ಅವನ್ನು ಹಿಡಿಯಲು ಹಾಳೆಯನ್ನು ತಮಿಳು ಕಾಲಂ ಪ್ರಕಾರ ಅನುಕ್ರಮಿಸಿ: ಎಡಗಡೆ ಒಂದೇ ತಮಿಳು, ಬಲಗಡೆ ಎರಡು ಕನ್ನಡ ಇದ್ದರೆ ಕೂಡಲೇ ಕಾಣುತ್ತದೆ. ಅಂಥಲ್ಲಿ ಇಂಗ್ಲಿಷ್ ಕಾಲಂ ಆ ವ್ಯತ್ಯಾಸವನ್ನು ಸಮರ್ಥಿಸುತ್ತದೆಯೇ ನೋಡಿ. ಸಮರ್ಥಿಸದಿದ್ದರೆ ಒಂದು ತಪ್ಪು.

ಕೊನೆಗೆ ಅನುಮಾನದ ಕಾಲಂ. ಅಲ್ಲಿ ಉಳಿದವರಿಗೆ ಫೋನ್ ಮಾಡಿ, ‘ನಿಮ್ಮ ಹೆಸರು ತನಬಾಲ್ ಅಲ್ಲವೇ?’ ಎಂದು ಕೇಳಬೇಡಿ. ನೀವು ಏನು ಹೇಳಿದರೂ ‘ಹೌದು ಸಾರ್’ ಎನ್ನುವವರೇ ಹೆಚ್ಚು. ‘ತಂದೆಯವರ ಹೆಸರು ಒಂದು ಸಲ ಹೇಳಿ’ ಎಂದು ಕೇಳಿ, ಅವರು ಹೇಳಿದ್ದನ್ನು ಕಿವಿಯಿಂದ ಬರೆದುಕೊಳ್ಳಿ, ಆಮೇಲೆ ತಮಿಳು ಸಾಲಿನ ಹ್ರಸ್ವ-ದೀರ್ಘಕ್ಕೆ ಹೊಂದಿಸಿ. ಫೋನ್ ಸಿಗದವರ ಸಾಲನ್ನು ಹಂತ 4ರ ನಿಯಮದಂತೆ ತುಂಬಿಸಿ, ಅನುಮಾನದ ಗುರುತನ್ನು ಮಾತ್ರ ಅಳಿಸದೆ ಹಾಳೆ ಕಳಿಸಿ.